ಮದುವೆ ಊಟ ಮಾಡಿ ವಾಂತಿ ಶುರುವಾದರೆ: ಏನು ಕುಡಿಸಬೇಕು, ಹೇಗೆ ಕುಡಿಸಬೇಕು, ಯಾವಾಗ ಆಸ್ಪತ್ರೆಗೆ ಹೊರಡಬೇಕು

ಮದುವೆ ಸೀಸನ್ ಶುರುವಾಯಿತೆಂದರೆ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಸಿಸ್ಟರ್, ಮಧ್ಯಾಹ್ನ ಛತ್ರದಲ್ಲಿ ಊಟ ಮಾಡಿದ್ವಿ. ಮಗು ನಾಲ್ಕು ಸಲ ಕಕ್ಕಿಕೊಂಡಿದೆ. ನೀರು ಕೊಟ್ಟರೂ ನಿಲ್ತಾ ಇಲ್ಲ. ಏನು ಕೊಡ್ಲಿ? ಕರ್ಕೊಂಡು ಬರ್ಬೇಕಾ?" ನಾನು ತಾಲೂಕು ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಸ್ಟಾಫ್ ನರ್ಸ್. ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಮಾತು ಇದಲ್ಲ ಅನ್ನಿಸಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಊಟ ಕೆಟ್ಟು ಬರುವ ವಾಂತಿ ಬಹುಪಾಲು ಜನರಲ್ಲಿ ಒಂದು ದಿನದೊಳಗೆ ತಾನಾಗಿ ನಿಲ್ಲುತ್ತದೆ. ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಆ ಒಂದು ದಿನದಲ್ಲಿ ಮೈಯಿಂದ ಹೊರಟುಹೋಗುವ ನೀರು ಮತ್ತು ಉಪ್ಪು. ಇದನ್ನೇ ವೈದ್ಯರು ನಿರ್ಜಲೀಕರಣ ಅನ್ನುವುದು, ಅಂದರೆ ಮೈಯ ನೀರು ಬತ್ತುವುದು. ಹಾಗಾಗಿ ವಾಂತಿ ನಿಲ್ಲಿಸುವ ಮಾತ್ರೆ ಹುಡುಕುವ ಮೊದಲು ಹೋದ ನೀರನ್ನು ಒಳಗೆ ಸೇರಿಸುವ ದಾರಿ ನೋಡಬೇಕು.

1. ಮೊದಲು ಗಡಿಯಾರ ನೋಡಿ

ಊಟ ಮಾಡಿದ್ದು ಎಷ್ಟು ಗಂಟೆಗೆ, ಮೊದಲ ವಾಂತಿ ಆಗಿದ್ದು ಎಷ್ಟು ಗಂಟೆಗೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಈ ಅಂತರ ಬಹಳ ವಿಷಯ ಹೇಳುತ್ತದೆ.

ಊಟವಾಗಿ ಅರ್ಧ ಗಂಟೆಯಿಂದ ಆರೇಳು ಗಂಟೆಯೊಳಗೆ ಜೋರಾಗಿ ವಾಂತಿ ಶುರುವಾಗಿ, ಜ್ವರ ಇಲ್ಲದಿದ್ದರೆ, ಅದು ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಆಹಾರದಲ್ಲೇ ಬಿಟ್ಟುಹೋದ ವಿಷದ ಕೆಲಸ. ಇದರಲ್ಲಿ ಎರಡು ಹೆಸರು ಮುಖ್ಯ. ಒಂದು ಸ್ಟ್ಯಾಫಿಲೊಕಾಕಸ್. ಇದು ಮನುಷ್ಯರ ಮೂಗಿನಲ್ಲಿ, ಚರ್ಮದ ಮೇಲೆ, ಕೈಯ ಗಾಯ ಮತ್ತು ಕುರುಗಳಲ್ಲಿ ಇರುತ್ತದೆ. ಕೈಯಲ್ಲಿ ಉಂಡೆ ಕಟ್ಟಿದ ಸಿಹಿ, ಖೋವಾ, ಪನ್ನೀರು, ಕೆನೆ ಹಾಕಿದ ತಿಂಡಿಗಳಿಗೆ ಸೇರಿ ಅಲ್ಲಿ ಬೆಳೆಯುತ್ತದೆ. ಇನ್ನೊಂದು ಬ್ಯಾಸಿಲಸ್ ಸೀರಿಯಸ್. ಇದು ಅನ್ನದ ಗೆಳೆಯ. ಬೆಳಗಿನ ಜಾವ ಮಾಡಿಟ್ಟ ಅನ್ನ ದೊಡ್ಡ ಕೊಪ್ಪರಿಗೆಯಲ್ಲಿ ಉಗುರುಬೆಚ್ಚಗೆ ಹಾಗೇ ಕೂತಿದ್ದರೆ ಇದಕ್ಕೆ ಅಷ್ಟೇ ಸಾಕು. ಎರಡರ ವಿಷವೂ ಮತ್ತೆ ಕುದಿಸಿದರೆ ಹೋಗುವುದಿಲ್ಲ. ಆದ್ದರಿಂದ "ಬಿಸಿ ಬಿಸಿ ಊಟವೇ ಬಡಿಸಿದ್ರು, ಊಟದಿಂದ ಆಗಿರಲ್ಲ" ಎಂಬ ಮಾತನ್ನು ನಂಬಬೇಡಿ. ವಾಸನೆ, ರುಚಿ ಎರಡೂ ಸರಿಯಾಗಿಯೇ ಇರಬಹುದು.

ಎಂಟು ಗಂಟೆ ದಾಟಿ, ರಾತ್ರಿಯೋ ಮರುದಿನವೋ ಹೊಟ್ಟೆ ನುಲಿತ, ಭೇದಿ, ಜ್ವರ ಬಂದರೆ ಬೇರೆ ಬ್ಯಾಕ್ಟೀರಿಯಾ ಅಥವಾ ವೈರಸ್ ಇರುವ ಸಾಧ್ಯತೆ ಹೆಚ್ಚು. ಇದು ಎರಡು ಮೂರು ದಿನ ಎಳೆಯಬಹುದು. ಬೀಗರೂಟದ ಮಾಂಸದ ಸಾರು ಹಂಡೆಯಲ್ಲೇ ತಣ್ಣಗಾಗಿ, ಅದನ್ನೇ ಸಂಜೆ ಬಡಿಸಿದಾಗ ಬರುವ ಹೊಟ್ಟೆನೋವು ಭೇದಿಯೂ ಹೆಚ್ಚಾಗಿ ಹೀಗೆ ತಡವಾಗಿ ಶುರುವಾಗುತ್ತದೆ.

ಯಾವುದೇ ಇರಲಿ, ಮುಂದಿನ ಹೆಜ್ಜೆ ಒಂದೇ.

2. ಏನು ಕುಡಿಸಬೇಕು

ಓಆರ್‌ಎಸ್. ಬೇರೆಲ್ಲ ಪಾನೀಯ ಇದರ ನಂತರ. ಬರಿ ನೀರು ಕುಡಿದರೆ ಸಾಲದೇ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: ವಾಂತಿ ಭೇದಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ. ಸಣ್ಣ ಕರುಳಿನ ಗೋಡೆಯಲ್ಲಿ ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿಯೇ ಒಳಗೆ ಹೋಗುವ ಒಂದು ಬಾಗಿಲಿದೆ, ಅವೆರಡರ ಹಿಂದೆ ನೀರೂ ಹೋಗುತ್ತದೆ. ಭೇದಿ ಜೋರಾಗಿದ್ದಾಗಲೂ ಈ ಬಾಗಿಲು ಕೆಲಸ ಮಾಡುತ್ತಿರುತ್ತದೆ. ಓಆರ್‌ಎಸ್‌ನ ಗುಟ್ಟೆಲ್ಲ ಇದೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು ಗ್ಲೂಕೋಸಿನ ನೀರು ಕಲಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿ ಸಾವಿರಾರು ಜೀವ ಉಳಿಸಿದ್ದು ಇದೇ ನೀರಿನಿಂದ.

ಈಗ ಪ್ಯಾಕೆಟ್ ವಿಷಯ. ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ.

ದೊಡ್ಡ ಪ್ಯಾಕೆಟ್ ಸುಮಾರು 21 ಗ್ರಾಂ ಇರುತ್ತದೆ. ಅದು ಪೂರ್ತಿ ಒಂದು ಲೀಟರ್ ನೀರಿಗೆ. ಸುಮಾರು 4 ಗ್ರಾಂ ಇರುವ ಸಣ್ಣ ಪ್ಯಾಕೆಟ್ 200 ಮಿ.ಲೀ. ನೀರಿಗೆ, ಅಂದರೆ ಒಂದು ಲೋಟಕ್ಕೆ. ಪ್ಯಾಕೆಟ್ ಮೇಲೆ ಎಷ್ಟು ನೀರು ಎಂದು ಬರೆದಿರುತ್ತದೆ, ಓದಿಯೇ ಕಲಸಿ. ದೊಡ್ಡ ಪ್ಯಾಕೆಟನ್ನು ಪೂರ್ತಿ ಒಂದೇ ಲೋಟಕ್ಕೆ ಸುರಿದು ಮಗುವಿಗೆ ಕುಡಿಸಿ ಕರೆತಂದವರನ್ನು ನಾನು ನೋಡಿದ್ದೇನೆ. "ಸ್ಟ್ರಾಂಗ್ ಆಗಿರ್ಲಿ ಅಂತ ಹಾಕ್ದೆ" ಅಂದರು ಆ ತಾಯಿ. ಹಾಗೆ ಮಾಡಿದರೆ ರಕ್ತದಲ್ಲಿ ಉಪ್ಪು ವಿಪರೀತ ಏರಿ ಮಗುವಿಗೆ ಫಿಟ್ಸ್ ಬರಬಹುದು. ಅರ್ಧ ಪ್ಯಾಕೆಟ್ ಇವತ್ತು, ಅರ್ಧ ನಾಳೆ ಎಂದು ಅಂದಾಜಿನಲ್ಲಿ ಹಂಚುವುದೂ ಬೇಡ, ಪುಡಿಯಲ್ಲಿ ಉಪ್ಪು ಸಕ್ಕರೆ ಸಮನಾಗಿ ಬೆರೆತಿರುವುದಿಲ್ಲ. ಒಂದು ಲೀಟರಿನ ನೀರಿನ ಬಾಟಲಿಯನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಕುದಿಸಿ ಆರಿಸಿದ ನೀರು ಅಥವಾ ಸೀಲ್ ಒಡೆಯದ ಬಾಟಲಿ ನೀರು ಬಳಸಿ. ಕಲಸಿದ ಮೇಲೆ ಕುದಿಸಬಾರದು. ಹೆಚ್ಚುವರಿ ಸಕ್ಕರೆ, ಹಾಲು, ಜ್ಯೂಸ್ ಯಾವುದನ್ನೂ ಸೇರಿಸಬಾರದು. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ.

ಮೆಡಿಕಲ್ ಶಾಪಿನಲ್ಲಿ ಕೇಳುವಾಗ "ಡಬ್ಲ್ಯೂಎಚ್‌ಒ ಫಾರ್ಮುಲಾ ಓಆರ್‌ಎಸ್ ಪೌಡರ್ ಕೊಡಿ" ಎಂದು ಕೇಳಿ. ಓಆರ್‌ಎಸ್ ಎಂಬ ಹೆಸರು ಹಾಕಿಕೊಂಡ ಸಿಹಿ ಪಾನೀಯಗಳು ವರ್ಷಗಟ್ಟಲೆ ಮಾರಾಟವಾಗಿವೆ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ. ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಇಂಥ ಪಾನೀಯಗಳು ಆ ಹೆಸರು ಬಳಸದಂತೆ ಆದೇಶ ಹೊರಡಿಸಿದೆ. ಆದರೂ ಡಬ್ಬಿ ತಿರುಗಿಸಿ ಓದುವ ಅಭ್ಯಾಸ ಇರಲಿ.

ಪ್ಯಾಕೆಟ್ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಗೋಪುರದ ಹಾಗೆ ತುಂಬಿರಬಾರದು, ಬೆರಳಿನಿಂದ ಸವರಿ ಮಟ್ಟ ಮಾಡಬೇಕು. ಕಲಸಿದ ಮೇಲೆ ಮೊದಲು ನೀವೇ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಕೊಡಬೇಡಿ, ಚೆಲ್ಲಿ ಮತ್ತೆ ಮಾಡಿ.

ಉಪ್ಪು ಹಾಕಿದ ತೆಳು ಅನ್ನದ ಗಂಜಿ, ನೀರು ಮಜ್ಜಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ವಾಂತಿಯ ರಭಸ ಇಳಿದ ಮೇಲೆ. ಎಳನೀರನ್ನು ಜನ ಬಹಳ ನಂಬುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಹೇರಳ, ನಿಮಗೆ ಬೇಕಾದ ಸೋಡಿಯಂ ಕಡಿಮೆ. ಓಆರ್‌ಎಸ್ ಜೊತೆ ಸ್ವಲ್ಪ ಕುಡಿದರೆ ತೊಂದರೆಯಿಲ್ಲ, ಅದರ ಬದಲಿಗೆ ಅಲ್ಲ. ಕಿಡ್ನಿ ತೊಂದರೆ ಇರುವವರಿಗೆ ಎಳನೀರು ಬೇಡವೇ ಬೇಡ. ಸೋಡಾ, ಕೋಲಾ, ಪ್ಯಾಕೆಟ್ ಜ್ಯೂಸ್, ಗ್ಲೂಕೋಸ್ ಪುಡಿಯ ಗಟ್ಟಿ ಪಾನಕ ಕೊಡಬೇಡಿ. ಅತಿಯಾದ ಸಕ್ಕರೆ ಕರುಳಿಗೆ ನೀರನ್ನು ಎಳೆದುಕೊಂಡು ಭೇದಿಯನ್ನು ಹೆಚ್ಚಿಸುತ್ತದೆ.

3. ಹೇಗೆ ಕುಡಿಸಬೇಕು

"ಓಆರ್‌ಎಸ್ ಕೊಟ್ವಿ, ಅದನ್ನೂ ಕಕ್ಕಿಬಿಟ್ಟ" ಎಂದು ಹೇಳುವವರನ್ನು ಎಷ್ಟು ಕೊಟ್ಟಿರಿ ಎಂದು ಕೇಳಿದರೆ ಬರುವ ಉತ್ತರ "ಒಂದು ಲೋಟ." ಬಾಯಾರಿ ಒಣಗಿದ ಮಗು ಲೋಟ ಕಂಡರೆ ಗಟಗಟ ಕುಡಿಯುತ್ತದೆ. ಕೆರಳಿದ ಹೊಟ್ಟೆ ಅಷ್ಟನ್ನು ಒಮ್ಮೆಲೇ ತಡೆದುಕೊಳ್ಳದೆ ಹೊರಗೆ ಹಾಕುತ್ತದೆ.

ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ಮನಿರಿ. ಬಾಯಿ ಮುಕ್ಕಳಿಸಲಿ. ಆಮೇಲೆ ಎರಡು ನಿಮಿಷಕ್ಕೆ ಒಂದು ಚಹಾ ಚಮಚ, ಅಂದರೆ 5 ಮಿ.ಲೀ. ಕೊಡಿ. ದೊಡ್ಡವರಾದರೆ ಒಂದೊಂದು ಗುಟುಕು. ಮತ್ತೆ ವಾಂತಿಯಾದರೆ ಮತ್ತೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಶುರು ಮಾಡಿ. ಕಕ್ಕಿದಾಗ ಕುಡಿದದ್ದೆಲ್ಲ ಹೋಯಿತು ಎಂದು ಕೈಚೆಲ್ಲಬೇಡಿ, ಒಂದಷ್ಟು ಆಗಲೇ ಒಳಗಿಳಿದಿರುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಏಳು ವರ್ಷದ ಹುಡುಗಿ, ತೂಕ 20 ಕೆ.ಜಿ. ಮಧ್ಯಾಹ್ನ ಒಂದೂವರೆಗೆ ಛತ್ರದಲ್ಲಿ ಊಟ. ನಾಲ್ಕೂವರೆಗೆ ಮದುವೆ ಬಸ್ಸಿನಲ್ಲಿ ಊರಿಗೆ ವಾಪಸಾಗುವಾಗ ಮೊದಲ ವಾಂತಿ, ಆರು ಗಂಟೆಗೆ ನಾಲ್ಕಾಗಿದೆ. ಬಾಯಿ ಒಣಗಿದೆ, ಕಣ್ಣು ಸ್ವಲ್ಪ ಒಳಗೆ ಹೋಗಿದೆ, ಕಿರಿಕಿರಿ ಮಾಡುತ್ತಾ ನೀರು ಕೇಳುತ್ತಿದ್ದಾಳೆ. ಇದು ನಿರ್ಜಲೀಕರಣದ ನಡುವಿನ ಹಂತ. ಇಂಥ ಮಗುವನ್ನು ದಾರಿಯಲ್ಲಿ ಸಿಗುವ ಆಸ್ಪತ್ರೆಯಲ್ಲಿ ತೋರಿಸಲೇಬೇಕು. ಆದರೆ ಕುಡಿಸುವುದು ಬಸ್ಸಿನಲ್ಲೇ ಶುರುವಾಗಬೇಕು.

ಈ ಹಂತದಲ್ಲಿ ಮಗುವಿನ ಪ್ರತಿ ಕೆ.ಜಿ. ತೂಕಕ್ಕೆ 75 ಮಿ.ಲೀ. ಓಆರ್‌ಎಸ್ ನಾಲ್ಕು ಗಂಟೆಯಲ್ಲಿ ಹೋಗಬೇಕು. ಇವಳಿಗೆ ಒಂದೂವರೆ ಲೀಟರ್. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಹಂಚಿ ನೋಡಿದರೆ ಹಾಗಲ್ಲ. ಬಸ್ಸಿನಲ್ಲಿ ಚಮಚ ಎಲ್ಲಿ ಹುಡುಕುವುದು? ನೀರಿನ ಬಾಟಲಿಯ ಮುಚ್ಚಳ ಹೆಚ್ಚುಕಡಿಮೆ ಒಂದು ಚಹಾ ಚಮಚ ಹಿಡಿಯುತ್ತದೆ, ಅದನ್ನೇ ತೊಳೆದು ಬಳಸಿ. ಮೊದಲ ಅರ್ಧ ಗಂಟೆ ಎರಡು ನಿಮಿಷಕ್ಕೊಂದು ಮುಚ್ಚಳ, ಅಲ್ಲಿಗೆ 75 ಮಿ.ಲೀ. ಆಯಿತು. ನಿಂತರೆ ಮುಂದಿನ ಅರ್ಧ ಗಂಟೆ ನಿಮಿಷಕ್ಕೊಂದು, ಇನ್ನೊಂದು 150. ಆಮೇಲಿನ ಮೂರು ಗಂಟೆ ಪ್ರತಿ ಐದು ನಿಮಿಷಕ್ಕೆ ಸುಮಾರು 35 ಮಿ.ಲೀ., ಅಂದರೆ ಸಣ್ಣ ಕಾಫಿ ಲೋಟದ ಮೂರರಲ್ಲೊಂದು ಪಾಲು. ಒಂದೂವರೆ ಲೀಟರ್ ಮುಗಿಯಿತು. ಒಬ್ಬರಿಗೇ ಕೈ ಸೋತುಹೋಗುತ್ತದೆ, ಅಮ್ಮನೂ ಅತ್ತೆಯೂ ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಲಿ. ಮಗು ಮೂತ್ರ ಮಾಡಿತು, ಬಾಯಿಗೆ ಜೊಲ್ಲು ಬಂತು, ಸುತ್ತಮುತ್ತ ನೋಡಿ ಮಾತಾಡಲು ಶುರುಮಾಡಿತು ಎಂದರೆ ನೀರು ಒಳಗೆ ಸೇರುತ್ತಿದೆ ಎಂದರ್ಥ.

ಮೈಯ ನೀರು ಅಷ್ಟಾಗಿ ಬತ್ತಿಲ್ಲದೆ ಭೇದಿಯಷ್ಟೇ ಇದ್ದರೆ ಲೆಕ್ಕ ಸುಲಭ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಹತ್ತು ವರ್ಷದವರೆಗೆ 100ರಿಂದ 200, ದೊಡ್ಡವರಿಗೆ ಬಾಯಾರಿಕೆ ತೀರುವಷ್ಟು. ಎದೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಲೇಬಾರದು, ಸ್ವಲ್ಪ ಸ್ವಲ್ಪವೇ ಪದೇ ಪದೇ ಕೊಡಿ.

ಅರೆಪ್ರಜ್ಞೆಯಲ್ಲಿ ಇರುವವರ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

4. ಇವನ್ನು ಮಾಡಬೇಡಿ

ತಿಂದದ್ದೆಲ್ಲ ಹೊರಗೆ ಬರಲಿ ಎಂದು ಗಟ್ಟಿ ಉಪ್ಪು ನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವ ಪದ್ಧತಿ ಇನ್ನೂ ಇದೆ. ದಯವಿಟ್ಟು ಬಿಡಿ. ವಿಷ ಆಗಲೇ ಕೆಲಸ ಮಾಡಿ ಆಗಿರುತ್ತದೆ, ನೀವು ಸೇರಿಸುವುದು ಉಪ್ಪಿನ ಅಪಾಯ ಮಾತ್ರ.

ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯನ್ನು ಮಕ್ಕಳಿಗೆ ಕೊಡಬಾರದು. ಜ್ವರ ಇದ್ದರೆ, ರಕ್ತ ಹೋಗುತ್ತಿದ್ದರೆ ದೊಡ್ಡವರಿಗೂ ಬೇಡ. ಕಳೆದ ಸಲ ಉಳಿದ ಆಂಟಿಬಯೋಟಿಕ್ ನುಂಗುವುದರಿಂದಲೂ ಪ್ರಯೋಜನವಿಲ್ಲ, ಬೇಗ ಶುರುವಾಗುವ ವಾಂತಿಗೆ ಕಾರಣ ವಿಷ, ಅದರ ಮೇಲೆ ಆಂಟಿಬಯೋಟಿಕ್ ನಡೆಯುವುದಿಲ್ಲ. ವಾಂತಿ ನಿಲ್ಲಿಸುವ ಔಷಧ ಬೇಕೇ ಬೇಡವೇ ಎಂಬುದನ್ನು, ಮಕ್ಕಳ ವಿಷಯದಲ್ಲಂತೂ, ವೈದ್ಯರಿಗೇ ಬಿಡಿ.

"ಒಂದು ಬಾಟಲಿ ಏರಿಸಿಬಿಡಿ, ಸರಿಹೋಗುತ್ತೆ" ಎಂದು ಒತ್ತಾಯಿಸುವವರೂ ಇದ್ದಾರೆ. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರುವವರಿಗೆ ಡ್ರಿಪ್ ಬೇಕಿಲ್ಲ. ನಿಲ್ಲದವರಿಗೆ, ಮಂಕಾದವರಿಗೆ ಅದು ತಕ್ಷಣ ಬೇಕು. ಮಂಚಗಳು ತುಂಬಿರುವ ದಿನ ಈ ವ್ಯತ್ಯಾಸ ಒಂದು ಜೀವದ ಪ್ರಶ್ನೆಯಾಗುತ್ತದೆ.

5. ಯಾವಾಗ ಆಸ್ಪತ್ರೆಗೆ ಹೊರಡಬೇಕು

ವಾಂತಿ ಎಷ್ಟು ಸಲ ಆಯಿತು ಎನ್ನುವುದಕ್ಕಿಂತ ನಾನು ಮೊದಲು ಕೇಳುವ ಪ್ರಶ್ನೆ, "ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?" ಮಗು ಆರು ಗಂಟೆಯಿಂದ, ದೊಡ್ಡವರು ಎಂಟು ಗಂಟೆಯಿಂದ ಮೂತ್ರ ಮಾಡಿಲ್ಲದಿದ್ದರೆ, ಅಥವಾ ಕಡು ಹಳದಿಯಾಗಿ ನಾಲ್ಕು ಹನಿ ಮಾತ್ರ ಬಂದಿದ್ದರೆ, ಹೊರಡಿ. ಚಮಚದ ಲೆಕ್ಕದಲ್ಲಿ ಕೊಟ್ಟರೂ ಮಕ್ಕಳಿಗೆ ಎರಡು ಗಂಟೆ, ದೊಡ್ಡವರಿಗೆ ನಾಲ್ಕೈದು ಗಂಟೆ ಏನೂ ನಿಲ್ಲದಿದ್ದರೂ ಕಾಯಬೇಡಿ.

ಮಗು ಅಳುತ್ತಿದ್ದರೆ ನನಗೆ ಅಷ್ಟು ಭಯವಿಲ್ಲ. ಅಳು ನಿಲ್ಲಿಸಿ ಸುಮ್ಮನೆ ತೂಕಡಿಸುತ್ತಾ ಭುಜದ ಮೇಲೆ ಬಿದ್ದುಕೊಂಡ ಮಗುವನ್ನು ಕಂಡರೆ ಭಯ. ಮನೆಯವರು "ಈಗ ಪಾಪ ನಿದ್ದೆ ಬಂತು" ಅಂದುಕೊಳ್ಳುವುದು ಈ ಹೊತ್ತಿನಲ್ಲೇ. ಎಬ್ಬಿಸಿ ನೋಡಿ. ಕಣ್ಣು ಬಿಟ್ಟು ಗುರುತು ಹಿಡಿದು ಚಮಚ ಕಚ್ಚಿದರೆ ನಿದ್ದೆ, ಕುಡಿಯಲೂ ಆಗದಷ್ಟು ಸೋತಿದ್ದರೆ ಅದು ತುರ್ತು ಸ್ಥಿತಿ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ತಟ್ಟನೆ ಸರಿಹೋಗಬೇಕು, ಮಡಿಕೆ ಎರಡು ಸೆಕೆಂಡಿಗಿಂತ ಹೆಚ್ಚು ನಿಂತರೆ ತಡ ಮಾಡುವಂತಿಲ್ಲ. ಕೂಸುಗಳಲ್ಲಿ ನೆತ್ತಿ ಕುಳಿಬಿದ್ದಿದೆಯೇ ನೋಡಿ. ವಯಸ್ಸಾದವರ ಚರ್ಮ ಸಡಿಲವಾಗಿಯೇ ಇರುವುದರಿಂದ ಈ ಪರೀಕ್ಷೆ ಅವರಿಗೆ ಹೊಂದದು, ಎದ್ದು ನಿಂತಾಗ ತಲೆ ಸುತ್ತುತ್ತದೆಯೇ ಎಂದು ಕೇಳಿ.

ಇವು ಕಂಡರೂ ಹೊರಡಿ:

- ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥ ಕಪ್ಪು ಬಣ್ಣ. ಮಗು ಹಸಿರು ಬಣ್ಣದ ವಾಂತಿ ಮಾಡುವುದು.
- ಮಲದಲ್ಲಿ ರಕ್ತ, ಅಥವಾ 102 ಡಿಗ್ರಿ ದಾಟಿದ ಜ್ವರ.
- ಬಿಟ್ಟು ಬಿಟ್ಟು ಬರುವ ನುಲಿತ ಹೋಗಿ ಒಂದೇ ಸಮ ನಿಂತ ಹೊಟ್ಟೆನೋವು, ಹೊಟ್ಟೆ ಗಟ್ಟಿಯಾಗುವುದು.
- ಅಕ್ಕಿ ತೊಳೆದ ನೀರಿನಂಥ ಭೇದಿ ಮೇಲಿಂದ ಮೇಲೆ. ಕಾಲರಾ ಇರಬಹುದು, ದಾರಿಯುದ್ದಕ್ಕೂ ಓಆರ್‌ಎಸ್ ಕೊಡುತ್ತಲೇ ಹೋಗಿ.

ಕೆಲವರು ಇಷ್ಟೆಲ್ಲ ಕಾಯುವುದೇ ಬೇಡ. ಆರು ತಿಂಗಳೊಳಗಿನ ಕೂಸು, ಗರ್ಭಿಣಿ, 65 ದಾಟಿದವರು, ಕಿಡ್ನಿ ಅಥವಾ ಹೃದಯದ ಕಾಯಿಲೆ ಇರುವವರು, ಸಕ್ಕರೆ ಕಾಯಿಲೆಯವರು ವಾಂತಿ ಮೂರ್ನಾಲ್ಕು ಸಲ ಆದೊಡನೆ ತೋರಿಸಿಕೊಳ್ಳಲಿ. ಆ ಹುಡುಗಿಯ ಜೊತೆ ಅದೇ ಪಂಕ್ತಿಯಲ್ಲಿ ಊಟ ಮಾಡಿದ ಎಪ್ಪತ್ತರ ಅಜ್ಜನಿಗೆ ಮೂರೇ ವಾಂತಿ ಆಗಿದ್ದರೂ ನಾನು ಮೊದಲು ಅವರನ್ನು ಮಂಚಕ್ಕೆ ಕರೆಯುತ್ತೇನೆ. ಬಿ.ಪಿ.ಗೆಂದು ತೆಗೆದುಕೊಳ್ಳುವ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದ ನೀರನ್ನೂ ಹೊರಹಾಕುತ್ತದೆ. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ನೀರು ಬತ್ತಿದ ಮೈಯಲ್ಲಿ ರಕ್ತದಲ್ಲಿ ಆಮ್ಲ ಏರಿಸಬಹುದು. ಅವತ್ತಿನ ಮಾತ್ರೆ ನುಂಗಬೇಕೇ ಬಿಡಬೇಕೇ ಎಂದು ವೈದ್ಯರನ್ನು ಕೇಳಿ. ಇನ್ಸುಲಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

6. ಎಲ್ಲ ವಾಂತಿಯೂ ಊಟ ಕೆಟ್ಟದ್ದಲ್ಲ

ಊಟವಾದ ಮೇಲೆ ಒಬ್ಬರಿಗೆ ಮಾತ್ರ ವಾಂತಿ, ಜೊತೆಗೆ ತಣ್ಣನೆ ಬೆವರು, ಎದೆ ಹಿಡಿದಂತೆ, ದವಡೆಗೋ ಎಡಗೈಗೋ ನೋವು, ಉಸಿರು ಕಟ್ಟಿದಂತೆ ಎಂದರೆ ಅದು ಹೃದಯಾಘಾತ ಇರಬಹುದು. "ಒಬ್ಬಟ್ಟು ಜಾಸ್ತಿ ತಿಂದ್ರು, ಗ್ಯಾಸ್" ಎಂದು ಸೋಡಾ ಕುಡಿಸಿ ಕೂರಿಸಬೇಡಿ, ಇಸಿಜಿ ಇರುವ ಕಡೆಗೆ ಕರೆದೊಯ್ಯಿರಿ.

ಇನ್ನೊಂದು, ತಿಂದ ಕೆಲವೇ ಹೊತ್ತಿನಲ್ಲಿ ಹಲವರಿಗೆ ವಾಂತಿಯ ಜೊತೆ ಬಾಯಿಂದ ಜೊಲ್ಲು ನೊರೆ, ವಿಪರೀತ ಬೆವರು, ಮಾಂಸಖಂಡಗಳ ಅದುರು, ಉಸಿರಾಟದ ತೊಂದರೆ. ಇದು ಕೀಟನಾಶಕದ ಲಕ್ಷಣ. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 15ಕ್ಕೂ ಹೆಚ್ಚು ಜನ ತೀರಿಕೊಂಡರು. ಇಂಥ ಹೊತ್ತಿನಲ್ಲಿ ಓಆರ್‌ಎಸ್ ಕಲಸುತ್ತಾ ಕೂರುವಂತಿಲ್ಲ. ತಕ್ಷಣ 108. ಇದಕ್ಕೆ ಪ್ರತಿವಿಷ ಇದೆ, ಉಸಿರಾಟದ ಯಂತ್ರವೂ ಬೇಕಾಗಬಹುದು.

ಕಣ್ಣು ಎರಡೆರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು, ನಾಲಿಗೆ ತೊದಲುವುದು ಕಂಡರೂ ಹಾಗೆಯೇ.

7. ವಾಂತಿ ನಿಂತ ಮೇಲೆ

ಹಸಿವಾದೊಡನೆ ಊಟ ಕೊಡಿ, ಹೊಟ್ಟೆಗೆ ವಿಶ್ರಾಂತಿ ಎಂದು ಉಪವಾಸ ಕೆಡವಬೇಡಿ. ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು ಸಾಕು. ಭೇದಿ ಆದ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಜಿಂಕ್ ಮಾತ್ರೆ ಕೊಡುತ್ತಾರೆ, ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ. ಭೇದಿ ನಿಂತರೂ ಹದಿನಾಲ್ಕು ದಿನದ ಕೋರ್ಸ್ ಮುಗಿಸಿ. ಭೇದಿ ಮೂರು ದಿನ ದಾಟಿದರೆ ಮತ್ತೆ ತೋರಿಸಿ. ಕಾಯಿಲೆ ಬಿದ್ದವರು ಪೂರ್ತಿ ನಿಂತು ಎರಡು ದಿನ ಕಳೆಯುವವರೆಗೆ ಮನೆಯಲ್ಲಿ ಅಡುಗೆ ಮಾಡದಿರಲಿ, ಬಡಿಸದಿರಲಿ.

ಒಂದೇ ಮದುವೆಗೆ ಹೋದ ಇನ್ನೂ ಕೆಲವರಿಗೆ ಹೀಗಾಗಿದೆ ಎಂದು ಗೊತ್ತಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ 104 ಆರೋಗ್ಯ ಸಹಾಯವಾಣಿಗೋ ತಿಳಿಸಿ. ಮದುವೆ ಮನೆಯವರ ಮರ್ಯಾದೆ ಹೋಗುತ್ತದೆ ಎಂದು ಜನ ಮುಚ್ಚಿಡುತ್ತಾರೆ, ಆದರೆ ಅದೇ ಊಟವನ್ನು ಬುತ್ತಿ ಕಟ್ಟಿಕೊಂಡು ಹೋದವರು ಆ ರಾತ್ರಿ ಮನೆಯಲ್ಲಿ ಬಿಚ್ಚುತ್ತಿರುತ್ತಾರೆ. ಅವರಿಗೆಲ್ಲ ಮೊದಲು ಫೋನ್ ಮಾಡಿ, ತಿನ್ನಬೇಡಿ ಎಂದು ಹೇಳಿ. ಉಳಿದ ಆಹಾರವನ್ನು ರುಚಿ ನೋಡಬೇಡಿ, ಚೆಲ್ಲಲೂ ಬೇಡಿ. ಶುದ್ಧವಾದ ಡಬ್ಬಿಯಲ್ಲಿ ಮುಚ್ಚಿ, ಯಾರೂ ತಿನ್ನದಂತೆ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟರೆ ಆರೋಗ್ಯ ಇಲಾಖೆಯವರು ಪರೀಕ್ಷೆಗೆ ಒಯ್ಯುತ್ತಾರೆ. ಆಸ್ಪತ್ರೆಗೆ ಬರುವಾಗ ಆ ಸಮಯ ಬರೆದ ಚೀಟಿ ಮತ್ತು ಮನೆಯ ಹಿರಿಯರ ಮಾತ್ರೆಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಬನ್ನಿ.